ಹೊಟ್ಟೆ ತೊಳಸುವ ಮೊದಲೇ

ವಿಮಾನ ಮೇಲೇರಿ, ಬಾಯಲ್ಲಿ ನೀರೂರಿ, ವಾಕರಿಕೆ ಶುರುವಾದ ಮೇಲೆ ಪರ್ಸಿನಿಂದ ಮಾತ್ರೆ ತೆಗೆದು ನುಂಗುವವರು ಬಹಳ ಮಂದಿ. ಅಷ್ಟು ಹೊತ್ತಿಗೆ ಆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ವಾಕರಿಕೆ ಶುರುವಾದಾಗ ಜಠರ ತನ್ನ ಕೆಲಸವನ್ನು ನಿಧಾನ ಮಾಡುತ್ತದೆ, ಒಳಗಿರುವುದು ಕರುಳಿಗೆ ಇಳಿಯುವುದೇ ಇಲ್ಲವೆನ್ನುವಷ್ಟು ಕಡಿಮೆಯಾಗುತ್ತದೆ. ಮಾತ್ರೆಯ ಮದ್ದು ರಕ್ತಕ್ಕೆ ಸೇರುವುದು ಮುಖ್ಯವಾಗಿ ಕರುಳಿನಲ್ಲಿ. ಹಾಗಾಗಿ ಅದು ಜಠರದಲ್ಲೇ ಕುಳಿತಿದ್ದು, ಎಷ್ಟೋ ಸಲ ವಾಂತಿಯ ಜೊತೆಗೇ ಹೊರಬರುತ್ತದೆ. ವಿಮಾನದಲ್ಲಿ ಹೊಟ್ಟೆ ತೊಳಸುವವರು ಮಾಡಿಕೊಳ್ಳಬೇಕಾದ ಏರ್ಪಾಡುಗಳಲ್ಲಿ ಮುಕ್ಕಾಲು ಪಾಲು ವಿಮಾನ ಹತ್ತುವ ಮೊದಲೇ ಮುಗಿದಿರಬೇಕು.

ಈ ತೊಂದರೆ ಹುಟ್ಟುವುದು ಹೊಟ್ಟೆಯಲ್ಲಲ್ಲ, ಕಿವಿಯಲ್ಲಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಗುರುತಿಸುತ್ತವೆ. ಅವುಗಳ ಪಕ್ಕದಲ್ಲೇ ಸಣ್ಣ ಸುಣ್ಣದ ಹರಳುಗಳನ್ನು ಹೊತ್ತ ಎರಡು ಚೀಲಗಳಿವೆ. ದೇಹ ಮೇಲೆ ಹೋಯಿತೇ ಕೆಳಗಿಳಿಯಿತೇ, ಮುಂದಕ್ಕೆ ನುಗ್ಗಿತೇ ಎಂಬುದನ್ನು ಅವು ಹೇಳುತ್ತವೆ. ವಿಮಾನ ಏರಿಳಿಯುವಾಗ ಕಿವಿ 'ನಾವು ಚಲಿಸುತ್ತಿದ್ದೇವೆ' ಎಂದು ವರದಿ ಕಳಿಸುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಅಲುಗಾಡದ ಮುಂದಿನ ಸೀಟಿನ ಬೆನ್ನು. ಎರಡು ವರದಿಗಳೂ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ಅದರ ಫಲವೇ ಬೆವರು, ವಾಕರಿಕೆ, ವಾಂತಿ. ಎರಡೂ ಒಳಗಿವಿಗಳ ಈ ಅಂಗ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ಪ್ರಯಾಣದ ವಾಂತಿ ಬರುವುದೇ ಇಲ್ಲ. ಕಿವಿಯ ಪಾತ್ರ ಎಷ್ಟು ದೊಡ್ಡದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಎಲ್ಲ ಅಲುಗಾಟವೂ ಒಂದೇ ರೀತಿ ಕಾಡುವುದಿಲ್ಲ. ಗಡಗಡ ನಡುಗುವ ವಿಮಾನಕ್ಕೆ ಜನ ಹೆದರುತ್ತಾರೆ, ಆದರೆ ಹೊಟ್ಟೆ ಕೆಡಿಸುವುದು ನಿಧಾನದ ಏರಿಳಿತ. ಸುಮಾರು ಐದು ಸೆಕೆಂಡಿಗೊಮ್ಮೆ ಮೇಲೆ ಹೋಗಿ ಕೆಳಗಿಳಿಯುವ ಲಯ ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಹಡಗಿನಲ್ಲಿ ಜನ ಅಷ್ಟೊಂದು ನರಳುವುದೂ ಇದೇ ಕಾರಣಕ್ಕೆ. ದೊಡ್ಡ ಜೆಟ್ ವಿಮಾನ ಮೋಡಗಳ ಮೇಲೆ ಹಾರುವಾಗ ಈ ಕಾಟ ಕಡಿಮೆ. ಏರುವಾಗ, ಇಳಿಯುವಾಗ, ಇಳಿಯಲು ಜಾಗ ಸಿಗದೆ ಆಕಾಶದಲ್ಲಿ ಸುತ್ತು ಹಾಕುವಾಗ ಹೆಚ್ಚು. ನಮ್ಮ ಸಣ್ಣ ಊರುಗಳಿಗೆ ಹೋಗುವ, ರೆಕ್ಕೆಯಲ್ಲಿ ಪ್ರೊಪೆಲ್ಲರ್ ತಿರುಗುವ ಎಟಿಆರ್ ವಿಮಾನಗಳು ಹಾರುವ ಎತ್ತರವೇ ಕಡಿಮೆ. ಮಳೆಗಾಲದಲ್ಲಿ ಅವು ಮೋಡಗಳ ನಡುವೆಯೇ ಹೆಚ್ಚು ಹೊತ್ತು ಇರಬೇಕಾಗುತ್ತದೆ.

ಮೂಡಿಗೆರೆಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಚಾರ್ಮಾಡಿ ಘಾಟಿಯ ಬಸ್ಸೆಂದರೆ ಮೊದಲಿಂದಲೂ ಭಯ. ಅವರಿಗೆ ಅರೆತಲೆನೋವೂ ಇದೆ. ಅರೆತಲೆನೋವಿರುವವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಯಾಣದ ವಾಂತಿ ಹೆಚ್ಚು. ಮಗಳನ್ನು ನೋಡಲು ಮೇ ತಿಂಗಳಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕಾಯಿತು. ಅವರ ಪ್ರಯಾಣವನ್ನು ಹೇಗೆ ಹೊಂದಿಸಿದೆವು ಎಂದು ಹೇಳಿದರೆ ಉಳಿದದ್ದೆಲ್ಲ ಅದರಲ್ಲೇ ಬರುತ್ತದೆ.

ಮೊದಲು ಹೊತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ವಿಮಾನ ಕೆಳಮಟ್ಟದಲ್ಲಿರುವಾಗ ಆ ಗಾಳಿ ಅದನ್ನು ಎತ್ತಿ ಇಳಿಸುತ್ತದೆ. ಬೆಳಗಿನ ಗಾಳಿ ಶಾಂತ. ಹಾಗೆಂದು ಬೆಳಗಿನ ಐದರ ವಿಮಾನ ಹಿಡಿದರೆ ರಾತ್ರಿಯ ನಿದ್ದೆ ಪೂರ್ತಿ ಹೋಗುತ್ತದೆ, ನಿದ್ದೆಗೆಟ್ಟವರಿಗೆ ವಾಕರಿಕೆ ಬೇಗ ಬರುತ್ತದೆ. ಏಳೂವರೆಯ ವಿಮಾನ ಆರಿಸಿ, ಹಿಂದಿನ ರಾತ್ರಿ ಯಲಹಂಕದ ನೆಂಟರ ಮನೆಯಲ್ಲಿ ಉಳಿದರು.

ಸೀಟಿನ ಮಾತಿಗೆ ಬಂದಾಗ ಚಿಕ್ಕಮ್ಮ ಒಪ್ಪಲಿಲ್ಲ. "ಕಿಟಕಿ ಪಕ್ಕ ಬೇಡ ಕಣೋ, ಕೆಳಗೆ ನೋಡಿದ್ರೆ ತಲೆ ತಿರುಗುತ್ತೆ" ಎಂದರು. ಎತ್ತರದ ಭಯ ಬೇರೆ, ಪ್ರಯಾಣದ ವಾಕರಿಕೆ ಬೇರೆ. ಕಿಟಕಿಯಿಂದ ನೋಡಬೇಕಾದದ್ದು ಕೆಳಗಿನ ನೆಲವನ್ನಲ್ಲ, ದೂರದಲ್ಲಿ ಆಕಾಶ ಭೂಮಿ ಕೂಡುವ ಗೆರೆಯನ್ನು. ವಿಮಾನ ವಾಲಿದಾಗ ಆ ಗೆರೆಯೂ ವಾಲುತ್ತದೆ. ಆಗ ಕಿವಿ ಹೇಳಿದ್ದನ್ನೇ ಕಣ್ಣೂ ಹೇಳುತ್ತದೆ.

ಯಾವ ಸಾಲು ಎಂಬುದು ಅದಕ್ಕಿಂತ ಮುಖ್ಯ. ವಿಮಾನದ ಭಾರ ಸಮತೂಗುವ ಬಿಂದು ರೆಕ್ಕೆಗಳ ಆಸುಪಾಸಿನಲ್ಲಿರುತ್ತದೆ. ಮೂಗು ಮೇಲೆದ್ದಾಗ ಬಾಲ ಕೆಳಗಿಳಿಯುತ್ತದೆ, ಬಾಲ ಎದ್ದಾಗ ಮೂಗು ಇಳಿಯುತ್ತದೆ. ನಡುವೆ ಕುಳಿತವರು ಏತದ ಮರದ ಮಧ್ಯದಲ್ಲಿ ನಿಂತವರಂತೆ ಹೆಚ್ಚು ಅಲುಗುವುದಿಲ್ಲ. ತೀರಾ ಹಿಂದಿನ ಸಾಲುಗಳು ವಾಂತಿಯ ಸ್ವಭಾವದವರಿಗೆ ಸಲ್ಲದು. ಅಲ್ಲಿ ಶೌಚಾಲಯದ, ಅಡುಗೆ ಕಟ್ಟೆಯ ವಾಸನೆಯೂ ಸೇರಿಕೊಳ್ಳುತ್ತದೆ. ಸುಮಾರು ಮೂವತ್ತು ಸಾಲಿನ ಜೆಟ್ ವಿಮಾನದಲ್ಲಿ ಹತ್ತರಿಂದ ಹದಿನೆಂಟರವರೆಗಿನ ಸಾಲುಗಳು ಹೆಚ್ಚುಕಡಿಮೆ ರೆಕ್ಕೆಯ ನೇರಕ್ಕೆ ಬರುತ್ತವೆ. ಬುಕಿಂಗ್ ಮಾಡುವಾಗ ತೋರಿಸುವ ಸೀಟಿನ ನಕ್ಷೆಯಲ್ಲಿ ಸಾಮಾನ್ಯವಾಗಿ ರೆಕ್ಕೆಯನ್ನೂ ಬರೆದಿರುತ್ತಾರೆ. ಈ ಭಾಗದಲ್ಲೇ ತುರ್ತು ಬಾಗಿಲಿನ ಸಾಲುಗಳೂ ಇರುತ್ತವೆ. ಅದರ ಮುಂದಿನ ಸಾಲಿನ ಸೀಟುಗಳು ಹೆಚ್ಚಾಗಿ ಹಿಂದಕ್ಕೆ ಬಾಗುವುದಿಲ್ಲ. ಬಾಗಿ ಒರಗುವುದರಿಂದ ಆರಾಮ ಸಿಗುವವರು ಅದನ್ನು ತಪ್ಪಿಸಬೇಕು. ಚಿಕ್ಕಮ್ಮನಿಗೆ ಹದಿನಾರನೇ ಸಾಲಿನ ಎಡಗಡೆಯ ಕಿಟಕಿ ಆರಿಸಿದೆ. ಬೆಳಿಗ್ಗೆ ಉತ್ತರಕ್ಕೆ ಹಾರುವ ವಿಮಾನದಲ್ಲಿ ಬಿಸಿಲು ಬಲಗಡೆಯಿಂದ ಬರುತ್ತದೆ. ಅರೆತಲೆನೋವಿನವರ ಕಣ್ಣಿಗೆ ಆ ಝಳ ಬೇಡ.

ಊಟದ ವಿಷಯದಲ್ಲಿ ನಮ್ಮಲ್ಲಿ ಎರಡು ತಪ್ಪು ನಡೆಯುತ್ತವೆ. ವಾಂತಿಯಾಗುತ್ತದೆಂದು ಏನೂ ತಿನ್ನದೆ ಹೋಗುವವರು ಒಂದು ಕಡೆ. ಏರ್‌ಪೋರ್ಟಿನಲ್ಲಿ ತುಪ್ಪದ ಮಸಾಲೆ ದೋಸೆ ತಿಂದು ಕಾಫಿ ಕುಡಿದು ಹತ್ತುವವರು ಇನ್ನೊಂದು ಕಡೆ. ಬರಿಹೊಟ್ಟೆಯೂ ವಾಕರಿಕೆ ಹೆಚ್ಚಿಸುತ್ತದೆ. ಜಿಡ್ಡಿನ ಊಟ ಜಠರದಿಂದ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಹೊರಡುವ ಎರಡು ಮೂರು ಗಂಟೆ ಮೊದಲು ಎರಡು ಇಡ್ಲಿಯೋ, ಒಗ್ಗರಣೆ ಕಡಿಮೆ ಹಾಕಿದ ಅವಲಕ್ಕಿಯೋ ಸಾಕು. ಚಿಕ್ಕಮ್ಮ ಐದು ಗಂಟೆಗೆ ಎರಡು ಇಡ್ಲಿ ತಿಂದರು, ಚಟ್ನಿಗೆ ಹಸಿಮೆಣಸು ಹಾಕಿರಲಿಲ್ಲ. ಸೋಡಾ, ಕೋಲಾ ಕೂಡ ಬೇಡ. ವಿಮಾನದೊಳಗಿನ ಗಾಳಿಯ ಒತ್ತಡ ಹೆಚ್ಚೆಂದರೆ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇಳಿಯುತ್ತದೆ. ಆಗ ಹೊಟ್ಟೆಯಲ್ಲಿನ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಹುರುಳಿ, ಕಡಲೆ, ಎಲೆಕೋಸನ್ನು ಹಿಂದಿನ ರಾತ್ರಿಯೇ ಬಿಟ್ಟರೆ ಒಳ್ಳೆಯದು. ಪಯಣದಲ್ಲಿ ಕೈಗೆ ಸಿಗುವಂತೆ ಒಣ ಬಿಸ್ಕತ್ತು, ಒಂದಿಷ್ಟು ಮಂಡಕ್ಕಿ, ಗುಟುಕು ಗುಟುಕಾಗಿ ಕುಡಿಯಲು ನೀರು ಇದ್ದರಾಯಿತು.

ಈಗ ಮದ್ದು. ಶುಂಠಿಯ ಮೇಲೆ ನನಗೆ ನಂಬಿಕೆಯಿದೆ, ಅದರ ಮಿತಿಯನ್ನೂ ಹೇಳಬೇಕು. ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಒಂದು ಗ್ರಾಂ ಒಣಶುಂಠಿ ಪುಡಿ, ಅಂದರೆ ಅರ್ಧ ಟೀ ಚಮಚೆಯಷ್ಟು, ತೆಗೆದುಕೊಂಡರೆ ಕೆಲವರಿಗೆ ಹೊಟ್ಟೆ ಶಾಂತವಾಗುತ್ತದೆ; ಪ್ರಯೋಗಗಳ ಫಲಿತಾಂಶ ಎಲ್ಲ ಕಡೆ ಒಂದೇ ಬಂದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಬೇಕು. ಘಾಟಿಯ ಬಸ್ಸಿನಲ್ಲಿ ಮೂಸುವ ನಿಂಬೆಹಣ್ಣು ಬೇರೆ ವಾಸನೆಗಳನ್ನು ಮರೆಸುತ್ತದೆ, ಪಕ್ಕದವರು ಬಿಸಿನೀರು ಹಾಕಿದ ಉಪ್ಪಿಟ್ಟಿನ ಡಬ್ಬ ತೆರೆದಾಗ ಅದೇ ದೊಡ್ಡ ಉಪಕಾರ. ಮಣಿಕಟ್ಟಿಗೆ ಕಟ್ಟುವ ಗುಂಡಿಯ ಪಟ್ಟಿಗಳು ಹೆಚ್ಚಿನ ಪ್ರಯೋಗಗಳಲ್ಲಿ ಹುಸಿಪಟ್ಟಿಗಿಂತ ಮೇಲೆಂದು ಕಂಡಿಲ್ಲ, ಹಾನಿಯಂತೂ ಇಲ್ಲ.

ಕಾಟ ಜೋರಾಗಿರುವವರಿಗೆ ಮಾತ್ರೆ ಬೇಕು, ಅದು ಸರಿಯಾದ ಮಾತ್ರೆಯಾಗಿರಬೇಕು. ನಮ್ಮ ಮನೆಗಳಲ್ಲಿ ವಾಂತಿ ಎಂದ ಕೂಡಲೇ ಕೈಗೆ ಬರುವುದು ಒಂಡಾನ್ಸೆಟ್ರಾನ್. ಹೊಟ್ಟೆ ಕೆಟ್ಟು ಬರುವ ವಾಂತಿಗೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಅದು ಒಳ್ಳೆಯ ಮದ್ದು. ಕಿವಿಯಿಂದ ಹೊರಡುವ ಈ ವಾಕರಿಕೆಯನ್ನು ತಡೆಯಲು ಅದು ಸಾಲದು. ಇಲ್ಲಿ ಕೆಲಸ ಮಾಡುವುದು ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್, ಸಿನ್ನರಿಜಿನ್ ಎಂಬ, ಹೆಚ್ಚುಕಡಿಮೆ ನಿದ್ದೆ ತರುವ ಹಳೆಯ ಜಾತಿಯ ಮದ್ದುಗಳು. ನಿದ್ದೆ ಬರಬಾರದೆಂದು ನೆಗಡಿಯ ಹೊಸ ಮಾತ್ರೆಗಳನ್ನು ನುಂಗಿದರೆ ಪ್ರಯೋಜನವಿಲ್ಲ, ಈ ತೊಂದರೆಗೆ ಅವು ನಾಟುವುದಿಲ್ಲ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ದೊಡ್ಡದಾದವರು, ಬಸುರಿಯರು, ವಯಸ್ಸಾದವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಅಷ್ಟು ಚಿಕ್ಕ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೂ ಅಪರೂಪ. ಮಾತ್ರೆಯ ಜೊತೆ ಮದ್ಯ ಸೇರಬಾರದು.

ಚಿಕ್ಕಮ್ಮನಿಗೆ ಅವರ ಡಾಕ್ಟರು 25 ಮಿಲಿಗ್ರಾಂ ಪ್ರೊಮೆಥಜೀನ್ ಬರೆದುಕೊಟ್ಟರು. ಪ್ರಯಾಣಕ್ಕೆ ಮೊದಲೇ ಒಂದು ಭಾನುವಾರ ಮನೆಯಲ್ಲಿ ಒಂದು ಮಾತ್ರೆ ನುಂಗಿ ನೋಡಿದರು, ಮಧ್ಯಾಹ್ನವಿಡೀ ಮಂಪರು. ಇದು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು, ದೆಹಲಿಯಲ್ಲಿ ಇಳಿದ ಮೇಲೆ ಕೈ ಹಿಡಿದು ಕರೆದೊಯ್ಯಲು ಮಗಳನ್ನು ಬಾಗಿಲವರೆಗೇ ಬರಹೇಳಿದೆವು. ಹೊರಡುವ ದಿನ ಆರು ಗಂಟೆಗೆ, ಅಂದರೆ ವಿಮಾನ ಏಳುವ ಒಂದೂವರೆ ಗಂಟೆ ಮೊದಲು, ಮಾತ್ರೆ ತೆಗೆದುಕೊಂಡರು.

ವಿಮಾನದೊಳಗೆ ಉಳಿಯುವ ಕೆಲಸ ಸ್ವಲ್ಪವೇ. ಕುಳಿತ ಕೂಡಲೇ ಮುಂದಿನ ಜೇಬಿನಲ್ಲಿ ವಾಂತಿ ಚೀಲ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಆಗಲೇ ಕೇಳಬೇಕು. (ಒಳಗೆ ಪ್ಲಾಸ್ಟಿಕ್ ಹಚ್ಚಿದ ಈ ಚೀಲವನ್ನು 1949ರಲ್ಲಿ ಅಮೆರಿಕದ ಗಿಲ್ಮೋರ್ ಶೆಲ್ಡಾಲ್ ರೂಪಿಸಿದರು.) ತಲೆಯ ಮೇಲಿನ ಗಾಳಿಯ ಗುಂಡಿಯನ್ನು ಮುಖಕ್ಕೆ ತಿರುಗಿಸಿಕೊಳ್ಳಬೇಕು. ತಲೆಯನ್ನು ಸೀಟಿಗೆ ಒತ್ತಿ ಅಲುಗದಂತೆ ಇಟ್ಟುಕೊಳ್ಳಬೇಕು. ವಿಮಾನ ತಿರುವು ತೆಗೆದುಕೊಳ್ಳುವಾಗ ಬಗ್ಗಿ ಕಾಲಡಿಯ ಚೀಲ ಎಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ತಿರುಗುತ್ತಿರುವಾಗಲೇ ತಲೆ ಬಗ್ಗಿಸಿದರೆ ಒಳಗಿವಿಯ ಬೇರೆ ಬೇರೆ ನಾಳಗಳು ಒಮ್ಮೆಗೇ ಕೆರಳುತ್ತವೆ. ಬೇಕಾದದ್ದನ್ನು ಮೊದಲೇ ಮಡಿಲಲ್ಲಿ ಇಟ್ಟುಕೊಳ್ಳಬೇಕು. ಪುಸ್ತಕ, ಮೊಬೈಲು ಒಳಗಿರಲಿ. ಹೊರಗೆ ಬರೀ ಮೋಡವಿದ್ದರೆ ಕಿಟಕಿಯಲ್ಲಿ ಹುಡುಕಲು ಏನೂ ಇರುವುದಿಲ್ಲ, ಆಗ ಕಣ್ಣು ಮುಚ್ಚುವುದೇ ಮೇಲು.

ದೆಹಲಿಗೆ ಇಳಿಯುವಾಗ ಬಿಸಿಲೇರಿತ್ತು. ಚಿಕ್ಕಮ್ಮನಿಗೆ ಮೇಲಿಂದ ಮೇಲೆ ಆಕಳಿಕೆ ಬಂತು, ಅಂಗೈ ತಣ್ಣಗೆ ಬೆವರಿತು, ಬಾಯಲ್ಲಿ ನೀರೂರಿತು. ವಾಕರಿಕೆಗೆ ಮುನ್ನ ಬರುವ ಗುರುತುಗಳೇ ಇವು. ಆಕಳಿಕೆಯನ್ನು ಬರೀ ನಿದ್ದೆ ಎಂದುಕೊಂಡು ಬಿಟ್ಟರೆ ಹೊತ್ತು ಮೀರುತ್ತದೆ. ಹೇಳಿಕೊಟ್ಟಂತೆ ಅವರು ಕಣ್ಣು ಮುಚ್ಚಿ, ಮೂಗಿನಿಂದ ನಿಧಾನವಾಗಿ ಉಸಿರೆಳೆದು ಇನ್ನೂ ನಿಧಾನವಾಗಿ ಬಿಡುತ್ತಾ, ಉಸಿರಿನ ಲಯ ವಿಮಾನದ ಏರಿಳಿತಕ್ಕೆ ಸಿಕ್ಕಿಕೊಳ್ಳದಂತೆ ಎಣಿಸುತ್ತಾ ಕುಳಿತರು. ಚೀಲ ಮಡಿಲಲ್ಲೇ ಇತ್ತು, ಬಳಸುವ ಪ್ರಸಂಗ ಬರಲಿಲ್ಲ. ಬಂದಿದ್ದರೂ ತಡೆಹಿಡಿಯದೆ ವಾಂತಿ ಮಾಡಿ, ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಬಿಟ್ಟು ಗುಟುಕು ನೀರು ಕುಡಿಯಬೇಕೆಂದು ಹೇಳಿದ್ದೆ.

ಎಲ್ಲ ವಾಕರಿಕೆಯನ್ನೂ ವಿಮಾನದ ಲೆಕ್ಕಕ್ಕೆ ಹಾಕಬಾರದು. ಅಲುಗಾಟವಿಲ್ಲದೆ ಹೋಗುತ್ತಿರುವಾಗ ಬೆವರಿ ವಾಕರಿಕೆ ಬಂದು, ಜೊತೆಗೆ ಎದೆ ಬಿಗಿತ, ದವಡೆ ಅಥವಾ ಎಡಗೈ ನೋವು ಇದ್ದರೆ ಅದು ಹೃದಯದ ತೊಂದರೆ ಇರಬಹುದು. ತಡಮಾಡದೆ ಸಿಬ್ಬಂದಿಗೆ ಹೇಳಬೇಕು. ಪ್ರಯಾಣದ ವಾಕರಿಕೆ ನೆಲಕ್ಕಿಳಿದ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಮಾರನೇ ದಿನವೂ ತಲೆ ಸುತ್ತು, ವಾಂತಿ ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಬೇಕು.

ಏರ್‌ಪೋರ್ಟಿನಿಂದ ಮಗಳ ಮನೆಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಚಿಕ್ಕಮ್ಮ ಮುಂದಿನ ಸೀಟಿನಲ್ಲಿ ಕುಳಿತು, ಮೂಲೆಯ ಕಿಟಕಿ ಒಂದಿಷ್ಟು ಇಳಿಸಿಕೊಂಡು, ರಸ್ತೆಯ ಮೇಲೇ ಕಣ್ಣಿಟ್ಟು ಹೋದರು. ಮಧ್ಯಾಹ್ನ ಮೊಸರನ್ನ ಉಂಡು ಸಂಜೆಯವರೆಗೆ ಮಲಗಿದ್ದರಂತೆ.