ಮೊದಲು ಬಾರಿಸುವ ಗಂಟೆ ಯಾವುದು?

ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರ ಪರಮಾಣುಗಳಿಗೆ ಸುಮಾರು ಒಂದರಂತೆ ವಿಕಿರಣಶೀಲ ಪರಮಾಣುಗಳಿವೆ. ಅವೇ ಪೊಟ್ಯಾಸಿಯಂ-40. ಇಂಥ ಪರಮಾಣುವಿಗೆ ಮುಖ್ಯವಾಗಿ ಎರಡು ದಾರಿ: ಎಲೆಕ್ಟ್ರಾನೊಂದನ್ನು ಹೊರಗೆಸೆದು ಕ್ಯಾಲ್ಸಿಯಂ ಆಗಬಹುದು, ಇಲ್ಲವೇ ತನ್ನದೇ ಎಲೆಕ್ಟ್ರಾನನ್ನು ನುಂಗಿ ಆರ್ಗಾನ್ ಆಗಬಹುದು. ಅದರೊಳಗೆ ಎರಡು ಗಡಿಯಾರಗಳಿವೆ ಎಂದುಕೊಳ್ಳಿ. ಯಾವುದರ ಗಂಟೆ ಮೊದಲು ಬಾರಿಸಿತೋ ಪರಮಾಣು ಆ ದಾರಿ ಹಿಡಿಯುತ್ತದೆ.

ಈ ಗಡಿಯಾರಗಳಿಗೆ ಮುಪ್ಪಿಲ್ಲ. ಎಷ್ಟೇ ಕಾಲ ಕಳೆದಿರಲಿ, ಮುಂದಿನ ಕ್ಷಣದಲ್ಲಿ ಗಂಟೆ ಬಾರಿಸುವ ಸಾಧ್ಯತೆ ಬದಲಾಗುವುದಿಲ್ಲ. ಸಾವಿರ ಕೋಟಿ ವರ್ಷಕ್ಕೆ ಲೆಕ್ಕ ಹಾಕಿದರೆ ಕ್ಯಾಲ್ಸಿಯಂ ಗಡಿಯಾರದ ದರ 4.96, ಆರ್ಗಾನ್‌ನದು 0.58. ಎರಡೂ ಮೌನವಾಗಿರುವ ಸಾಧ್ಯತೆ ಬೇಕಾದರೆ ಒಂದೊಂದರ ಮೌನದ ಸಾಧ್ಯತೆಯನ್ನು ಗುಣಿಸಬೇಕು. ಹಾಗೆ ಗುಣಿಸಿದಾಗ ದರಗಳು ಕೂಡುತ್ತವೆ:

e^(−at) × e^(−bt) = e^(−(a+b)t)

ಅಂದರೆ ಮೊದಲ ಗಂಟೆಯೂ ಅದೇ ಜಾತಿಯ ಗಡಿಯಾರದ್ದು, ದರ ಮಾತ್ರ 5.54. ಸರಾಸರಿ ಕಾಯುವ ಕಾಲ 1000 ಭಾಗಿಸು 5.54, ಸುಮಾರು 180 ಕೋಟಿ ವರ್ಷ. ಗಡಿಯಾರಗಳು ಎಷ್ಟೇ ಇದ್ದರೂ ಲೆಕ್ಕ ಇದೇ. ಅರ್ಧ ಗ್ರಾಂ ಪೊಟ್ಯಾಸಿಯಂ ಇರುವ ಹಣ್ಣಿನಲ್ಲಿ ಇಂಥ ಪರಮಾಣುಗಳು ಅಸಂಖ್ಯ. ಅವೆಲ್ಲದರ ದರ ಕೂಡಿ ಸೆಕೆಂಡಿಗೆ ಸುಮಾರು ಹದಿನೈದು ಗಂಟೆ ಬಾರಿಸುತ್ತವೆ.

ಮೊದಲು ಬಾರಿಸಿದ್ದು ಆರ್ಗಾನ್‌ನದೇ ಆಗಿರುವ ಸಾಧ್ಯತೆ ಎಷ್ಟು? ಒಂದು ಕ್ಷಣವನ್ನು ಹಿಡಿದು ನೋಡಿ. ಆ ಕ್ಷಣದಲ್ಲಿ ಗಂಟೆ ಬಾರಿಸಿದ್ದೇ ಆದರೆ ಆರ್ಗಾನ್‌ನ ಪಾಲು 0.58 ಭಾಗಿಸು 5.54, ಅಂದರೆ ನೂರಕ್ಕೆ ಹತ್ತೂವರೆ. ಯಾವ ಕ್ಷಣ ಹಿಡಿದರೂ ಪಾಲು ಇಷ್ಟೇ. ಆದ್ದರಿಂದ ಗೆದ್ದವರು ಯಾರು ಎಂಬುದಕ್ಕೂ ಗೆದ್ದದ್ದು ಯಾವಾಗ ಎಂಬುದಕ್ಕೂ ಸಂಬಂಧವಿಲ್ಲ. ಆರ್ಗಾನ್ ಗಡಿಯಾರ ಒಂಟಿಯಾಗಿದ್ದರೆ ಸರಾಸರಿ 1,720 ಕೋಟಿ ವರ್ಷ ಕಾಯಿಸುತ್ತಿತ್ತು. ಆದರೂ ಆರ್ಗಾನ್ ಆದ ಪರಮಾಣುಗಳು ಕಾದದ್ದು ಸರಾಸರಿ 180 ಕೋಟಿ ವರ್ಷವೇ, ಕ್ಯಾಲ್ಸಿಯಂ ಆದವುಗಳಷ್ಟೇ. ತಡವಾಗಿ ಬಾರಿಸಬೇಕಿದ್ದ ಆರ್ಗಾನ್ ಗಂಟೆಗಳಿಗೆ ಸರದಿ ಬರುವ ಮೊದಲೇ ಕ್ಯಾಲ್ಸಿಯಂ ಗೆದ್ದಿರುತ್ತದೆ.

ಬಂಡೆಯ ವಯಸ್ಸು ಅಳೆಯುವವರು ನಂಬುವುದು ಈ ಲೆಕ್ಕವನ್ನೇ. ಕರಗಿದ ಲಾವಾದಿಂದ ಆರ್ಗಾನ್ ಅನಿಲ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಉಳಿಯುತ್ತದೆ. ಕ್ಯಾಲ್ಸಿಯಂ ಬಂಡೆಯಲ್ಲಿ ಮೊದಲಿನಿಂದಲೂ ಧಾರಾಳವಾಗಿರುವುದರಿಂದ ಹೊಸದನ್ನು ಎಣಿಸುವುದು ಕಷ್ಟ. ಒಂದು ಬಂಡೆಯಲ್ಲಿ 500 ಪೊಟ್ಯಾಸಿಯಂ-40 ಪರಮಾಣುಗಳಿಗೆ 52 ಆರ್ಗಾನ್ ಸಿಕ್ಕವು ಎನ್ನೋಣ. ಹತ್ತೂವರೆ ಶೇಕಡಾ ಪಾಲಿನ ಪ್ರಕಾರ ಒಟ್ಟು ಸುಮಾರು 500 ಪರಮಾಣುಗಳು ಬದಲಾಗಿವೆ. ಅಂದರೆ ಸಾವಿರದಲ್ಲಿ ಅರ್ಧ ಉಳಿದಿದೆ. ವಯಸ್ಸು 125 ಕೋಟಿ ವರ್ಷ. ಕ್ಯಾಲ್ಸಿಯಂ ಗಡಿಯಾರವನ್ನು ಮರೆತು ಆರ್ಗಾನ್ ದರವೊಂದನ್ನೇ ಹಿಡಿದರೆ ಉತ್ತರ ಸುಮಾರು 170 ಕೋಟಿ ಬರುತ್ತದೆ. ಕಣ್ಣಿಗೆ ಬೀಳದ ಎದುರಾಳಿಯನ್ನು ಲೆಕ್ಕದಿಂದ ಬಿಟ್ಟದ್ದಕ್ಕೆ ಬಂಡೆಗೆ 45 ಕೋಟಿ ವರ್ಷ ಹೆಚ್ಚು ವಯಸ್ಸಾಗುತ್ತದೆ.