‘ತತ್ಸಮಾನ’ ಟೈಲ್‌ಗೆ ತಕ್ಕಡಿಯ ಸಾಕ್ಷಿ

ಟೆಂಡರ್ ಕಾಗದದಲ್ಲಿ ಟೈಲ್ ಬ್ರ್ಯಾಂಡ್‌ಗಳ ಹೆಸರಿನ ಕೊನೆಗೆ ‘ಅಥವಾ ತತ್ಸಮಾನ’ ಎಂದು ಬರೆದಿರುತ್ತಾರೆ. ಹೇಳಿದ ಬ್ರ್ಯಾಂಡ್ ಸಮಯಕ್ಕೆ ಸಿಗದಿದ್ದರೆ ಗುತ್ತಿಗೆದಾರ ಆ ಮಾತನ್ನೇ ಹಿಡಿದು ಬೇರೆಯದಕ್ಕೆ ಒಪ್ಪಿಗೆ ಕೇಳುತ್ತಾನೆ. ಕೇಳುವುದು ತಪ್ಪಲ್ಲ. ಗುಜರಾತಿನ ಮೋರ್ಬಿಯಲ್ಲೇ ನೂರಾರು ಟೈಲ್ ಕಾರ್ಖಾನೆಗಳಿವೆ, ಹೆಸರಾಗದ ಒಳ್ಳೆಯ ಮಾಲೂ ಅಲ್ಲಿಂದ ಬರುತ್ತದೆ. ಆದರೆ ಸಮಾನವೆಂದು ತೋರಿಸುವ ಹೊಣೆ ಕೇಳುವವನದೇ.

ಒಂದು ಹಾಸ್ಟೆಲ್ ಕಟ್ಟಡ ಅಂದುಕೊಳ್ಳಿ. ನೆಲಕ್ಕೆ 600 ಮಿಮೀ ಚೌಕದ ವಿಟ್ರಿಫೈಡ್ ಟೈಲ್. ಅದು ನೀರು ಹೀರುವ ಪ್ರಮಾಣ ಶೇ. 0.08ಕ್ಕಿಂತ ಕಡಿಮೆ ಇರಬೇಕೆಂದು ಕರಾರು. ಹೊಸ ಬ್ರ್ಯಾಂಡ್‌ನ ಕ್ಯಾಟಲಾಗ್‌ನಲ್ಲಿ ‘ಶೇ. 0.5ರ ಒಳಗೆ’ ಎಂದಿದೆ. ‘ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದೂ ಮೇಲ್ದರ್ಜೆಯದೇ ಸಾರ್’ ಅನ್ನುತ್ತಾನೆ ಗುತ್ತಿಗೆದಾರ. ಮಾತು ನಿಜ. ಐಎಸ್‌ಒ 13006ರಲ್ಲಿ ಅತಿ ಕಡಿಮೆ ನೀರು ಹೀರುವ ಗುಂಪಿನ ಮಿತಿ ಶೇ. 0.5. ಆದರೆ ಇಲ್ಲಿ ಹೋಲಿಸಬೇಕಾದದ್ದು ಕರಾರಿನ ಜೊತೆ. ಹತ್ತು ಕಿಲೋ ತೂಗುವ ಟೈಲ್ ಶೇ. 0.08ರ ಲೆಕ್ಕದಲ್ಲಿ 8 ಗ್ರಾಂ ನೀರು ಕುಡಿಯುತ್ತದೆ, ಶೇ. 0.5ರ ಲೆಕ್ಕದಲ್ಲಿ 50 ಗ್ರಾಂ.

ಹಾಗೆಂದು ಅರ್ಜಿಯನ್ನು ಅಲ್ಲೇ ತಳ್ಳಿಹಾಕಬೇಕಿಲ್ಲ. ‘0.5ರ ಒಳಗೆ’ ಅಂದರೆ 0.05 ಕೂಡ ಆಗಿರಬಹುದು. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯ. ಅಲ್ಲಿ ಟೈಲನ್ನು ಓವನ್ನಿನಲ್ಲಿ ಒಣಗಿಸಿ ತೂಗುತ್ತಾರೆ. ಎರಡು ಗಂಟೆ ನೀರಿನಲ್ಲಿ ಕುದಿಸಿ, ನಾಲ್ಕು ಗಂಟೆ ಅದೇ ನೀರಿನಲ್ಲಿ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗುತ್ತಾರೆ. ಹೆಚ್ಚಾದ ತೂಕವೇ ಟೈಲ್ ಕುಡಿದ ನೀರು. ಟೈಲ್‌ನ ಹಿಂಬದಿಗೆ ನೀರು ಹನಿಸಿ ನೋಡಿದರೆ ಗೋಡೆಯ ಸೆರಾಮಿಕ್ ಟೈಲ್ ಯಾವುದು, ವಿಟ್ರಿಫೈಡ್ ಯಾವುದು ಎಂದು ಗೊತ್ತಾಗುತ್ತದೆ. ಆದರೆ 8 ಗ್ರಾಂಗೂ 50 ಗ್ರಾಂಗೂ ಇರುವ ವ್ಯತ್ಯಾಸ ಆ ಹನಿಗೆ ತಿಳಿಯದು.

ಅರ್ಜಿಗಳು ಹೆಚ್ಚಾಗಿ ಎಡವುವುದು ವರದಿಯಲ್ಲೇ. ಬೇರೆ ಅಳತೆಯ, ಬೇರೆ ಮಾದರಿಯ ಟೈಲ್‌ನ ಹಳೆಯ ವರದಿಯನ್ನು ಲಗತ್ತಿಸಿರುತ್ತಾರೆ. ಇಲ್ಲವೇ ಕಂಪನಿ ತಾನೇ ಆರಿಸಿ ಕಳಿಸಿದ ಟೈಲ್ ಪರೀಕ್ಷೆಯಾಗಿರುತ್ತದೆ. ಎಂಜಿನಿಯರ್ ಎದುರಿನಲ್ಲಿ ಪೆಟ್ಟಿಗೆ ತೆರೆದು ತೆಗೆದ ಟೈಲನ್ನು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ ಪಡೆದ ವರದಿಯನ್ನು ಮಾತ್ರ ನಾನು ಸಾಕ್ಷಿ ಎನ್ನುತ್ತೇನೆ. ಕರಾರು ಕೇಳಿದ್ದೇನು, ಹೊಸ ಟೈಲ್ ಕೊಡುವುದೇನು ಎಂದು ಅಕ್ಕಪಕ್ಕ ಬರೆದ ಒಂದು ಹಾಳೆ, ದರ ಕಡಿಮೆಯಿದ್ದರೆ ಆ ಉಳಿತಾಯ ಯಾರಿಗೆ ಎಂಬ ಒಂದು ಸಾಲು ಅದರ ಜೊತೆಗಿರಲಿ.

ಇದೆಲ್ಲ ಆರ್ಡರ್ ಕೊಡುವ ಮೊದಲೇ ಆಗಬೇಕು. ಒಪ್ಪಿದ ಟೈಲ್‌ನ ಹಿಂಬದಿಗೆ ಸಹಿ, ತಾರೀಖು ಹಾಕಿ ಸೈಟ್ ಆಫೀಸಿನಲ್ಲಿ ಇಟ್ಟುಕೊಳ್ಳಿ. ಪ್ರತಿ ಲೋಡ್ ಬಂದಾಗಲೂ ಅದನ್ನು ಹೊರತೆಗೆದು, ಹೊಸ ಟೈಲನ್ನು ಪಕ್ಕದಲ್ಲಿಟ್ಟು ನೋಡಿ.