ಬಣ್ಣ ಬಿಡಿಸಲು ಮೊದಲು ನೀರು ಬೇಡ

ಹೋಳಿ ಆಡಿ ಬಂದ ಕೂಡಲೇ ಬಟ್ಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಒಣ ಪುಡಿ ನೂಲಿನ ಮೇಲಷ್ಟೇ ಕೂತಿರುತ್ತದೆ. ನೀರು ತಾಗಿದರೆ ಬಣ್ಣ ಕರಗಿ ಎಳೆಯೊಳಗೆ ಇಳಿಯುತ್ತದೆ. ಮೊದಲು ಹೊರಗೆ ಚೆನ್ನಾಗಿ ಕೊಡವಿ, ಒಣ ಬ್ರಷ್‌ನಿಂದ ಉಜ್ಜಿ. ಆಮೇಲೆ ನಲ್ಲಿಯ ತಣ್ಣೀರನ್ನು ಬಟ್ಟೆಯ ಹಿಂಬದಿಯಿಂದ ಹರಿಸಿ, ನೀರು ತಿಳಿಯಾದ ಮೇಲೆ ಸೋಪು ಹಚ್ಚಿ. ಕಲೆ ಪೂರ್ತಿ ಹೋಗುವವರೆಗೂ ಇಸ್ತ್ರಿ ಮಾಡಬೇಡಿ, ಬಿಸಿಗೆ ಅದು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ.

ಮೈಗೂ ಇದೇ ಕ್ರಮ: ಒಣಬಟ್ಟೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ, ಬಳಿಕ ಸ್ನಾನ. ಸೀಮೆಎಣ್ಣೆ ಖಂಡಿತ ಬೇಡ. ಟೈಲ್ಸ್ ಗುಡಿಸಿ, ಸಂದಿಗಳನ್ನು ಅಡುಗೆ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ.

ಕಷ್ಟ ಗೋಡೆಯದು. ಡಿಸ್ಟೆಂಪರ್ ಗೋಡೆಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಪೇಂಟೇ ಎದ್ದುಬರುತ್ತದೆ. ಒಣ ಬ್ರಷ್‌ಗೆ ಹೋಗದ ಕಲೆಗೆ ಮೊದಲು ಕಲೆ ತಡೆಯುವ ಪ್ರೈಮರ್ ಬಳಿಯಿರಿ. ಇಲ್ಲದಿದ್ದರೆ ಆ ಗುಲಾಬಿ ಬಣ್ಣ ಹೊಸ ಪೇಂಟಿನ ಮೇಲೂ ಇಣುಕಬಹುದು.